ಎರಡು ಕಡೆ ‘ಇಂದಿನವರೆಗೆ’

ಮೂವತ್ತು ವರ್ಷ ದುಡಿದ ಅಧಿಕಾರಿಯ ರೆಸ್ಯೂಮೆಯನ್ನು ಯಾರೂ ಒಂದೇ ಸಲ ಕೂತು ಬರೆದಿರುವುದಿಲ್ಲ. ಮೊದಲ ಕೆಲಸದ ಸಾಲನ್ನು ಯಾವುದೋ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್ ಮಾಡಿಸಿರುತ್ತಾರೆ. ಎರಡನೆಯದು ಕೆಲಸ ಬಿಡುವ ಗಡಿಬಿಡಿಯಲ್ಲಿ ಸೇರಿರುತ್ತದೆ. ಆಮೇಲಿನದನ್ನು ಸೆಕ್ರೆಟರಿ ಬರೆದಿರುತ್ತಾರೆ, ಅದರಾಚೆಯದನ್ನು ನೇಮಕಾತಿ ಏಜೆನ್ಸಿಯವರು ತಮ್ಮ ನಮೂನೆಗೆ ಹೊಂದಿಸಿರುತ್ತಾರೆ. ಮಕ್ಕಳು ಬೆಳೆದಂತೆಲ್ಲ ಹಳೇ ಮನೆಗೆ ಒಂದೊಂದೇ ಕೋಣೆ ಕಟ್ಟಿಸಿಕೊಂಡ ಹಾಗೆ ಅದು ಏಳೆಂಟು ಪುಟಕ್ಕೆ ಬೆಳೆದಿರುತ್ತದೆ. ಒಂದು ಕಡೆ ‘ಜುಲೈ 1995’, ಇನ್ನೊಂದು ಕಡೆ ‘06/2004’, ಮತ್ತೊಂದು ಕಡೆ ಬರೀ ‘2001–2004’. ಒಬ್ಬೊಬ್ಬರ ಕೈ ಒಂದೊಂದು ಥರ.

ಇಂಥ ರೆಸ್ಯೂಮೆಯನ್ನು ತಿದ್ದಲು ಕೊಟ್ಟಾಗ ಹೆಚ್ಚಿನವರು ಕಾಗುಣಿತ, ವ್ಯಾಕರಣ ನೋಡಿ ವಾಪಸು ಕೊಡುತ್ತಾರೆ. ಸ್ಪೆಲ್ಲಿಂಗ್ ತಪ್ಪಿದ್ದಕ್ಕೆ ಹಿರಿಯ ಹುದ್ದೆ ಕೈತಪ್ಪುವುದು ಅಪರೂಪ. ದಿನಾಂಕ ತಾಳೆಯಾಗದಿದ್ದರೆ ಮಾತ್ರ ಪ್ರಶ್ನೆ ಏಳುತ್ತದೆ. ಒಂದೇ ತಿಂಗಳಲ್ಲಿ ಎರಡು ಕಂಪನಿ, ಒಂದೇ ಕಂಪನಿಯಲ್ಲಿ ಮೂರು ಹುದ್ದೆ, ಎಲ್ಲೂ ಸಿಗದ ನಾಲ್ಕು ತಿಂಗಳು: ಹಿನ್ನೆಲೆ ಪರಿಶೀಲನೆ ಮಾಡುವ ಏಜೆನ್ಸಿಯವರು ಹುಡುಕುವುದು ಇವನ್ನೇ. ಬಹುಪಾಲು ಸಲ ಇವುಗಳ ಹಿಂದೆ ಮೋಸ ಇರುವುದಿಲ್ಲ, ಮರೆವು ಇರುತ್ತದೆ. ಆದರೆ ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

ಕೆಲಸ ಹೇಗೆ ನಡೆಯುತ್ತದೆ ಎಂದು ತೋರಿಸಲು ಒಂದು ರೆಸ್ಯೂಮೆಯನ್ನು ಕಟ್ಟಿಕೊಳ್ಳೋಣ. ವ್ಯಕ್ತಿ ಕಲ್ಪಿತ, ತಪ್ಪುಗಳು ಮಾತ್ರ ದಿನನಿತ್ಯ ಕಾಣುವಂಥವು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರು. ಪೀಣ್ಯದ ಯಂತ್ರೋಪಕರಣ ಕಂಪನಿಯಲ್ಲಿ ಜುಲೈ 1995ರಿಂದ ಮಾರ್ಚ್ 2001. ಪುಣೆಯಲ್ಲಿ ‘2001–2004’. ಹೊಸೂರಿನ ವಾಹನ ಬಿಡಿಭಾಗದ ಕಾರ್ಖಾನೆಯಲ್ಲಿ ‘06/2004 – 09/2011’. ಚೆನ್ನೈಯಲ್ಲಿ ಆಗಸ್ಟ್ 2011ರಿಂದ ಅಕ್ಟೋಬರ್ 2016. ಬೆಂಗಳೂರಿನ ಒಂದು ಕಂಪನಿಯಲ್ಲಿ ಮಾರ್ಚ್ 2017ರಿಂದ ಇಂದಿನವರೆಗೆ. ಬೆಂಗಳೂರಿನದೇ ಮತ್ತೊಂದು ಕಂಪನಿಯಲ್ಲಿ, ಸಿಒಒ ಆಗಿ, ಜನವರಿ 2020ರಿಂದ ಇಂದಿನವರೆಗೆ. ಮೊದಲ ಪುಟದ ತಲೆಬರಹದ ಕೆಳಗೆ ‘35 ವರ್ಷಗಳ ಅನುಭವ’ ಎಂದಿದೆ. ನಾವು ತಿದ್ದುತ್ತಿರುವುದು 2025ರ ಜೂನ್‌ನಲ್ಲಿ ಎಂದಿಟ್ಟುಕೊಳ್ಳಿ.

ಇದನ್ನು ಮೇಲಿಂದ ಕೆಳಗೆ ಓದಿಕೊಂಡು ಹೋದರೆ ಏನೂ ಸಿಗುವುದಿಲ್ಲ. ರೆಸ್ಯೂಮೆಯಲ್ಲಿ ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ. ಒಂದು ಕೆಲಸದ ಮುಕ್ತಾಯಕ್ಕೂ ಅದರ ಮುಂದಿನ ಕೆಲಸದ ಆರಂಭಕ್ಕೂ ನಡುವೆ ಸಾಧನೆಗಳ ಹತ್ತು ಹನ್ನೆರಡು ಸಾಲು ಬಂದಿರುತ್ತವೆ, ಕೆಲವೊಮ್ಮೆ ಪುಟವೇ ಬದಲಾಗಿರುತ್ತದೆ. ಹೋಲಿಸಬೇಕಾದ ಎರಡು ದಿನಾಂಕಗಳು ಒಟ್ಟಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮೊದಲ ಕೆಲಸ, ಸಾಧನೆಗಳನ್ನೆಲ್ಲ ಪಕ್ಕಕ್ಕಿಟ್ಟು ಕಂಪನಿ, ಹುದ್ದೆ, ಆರಂಭ, ಮುಕ್ತಾಯ ಇಷ್ಟನ್ನೇ ಎಕ್ಸೆಲ್ ಹಾಳೆಗೆ ಇಳಿಸುವುದು. ಅದೂ ಹಳೆಯದು ಮೇಲೆ, ಹೊಸದು ಕೆಳಗೆ ಬರುವಂತೆ. ಏಳು ಪುಟ ಆರು ಸಾಲಾಗುತ್ತದೆ.

ಇಳಿಸುವಾಗಲೇ ಒಂದು ಹಳ್ಳ ಇದೆ. ನಮ್ಮಲ್ಲಿ ‘2008-09’ ಎಂದರೆ ಹಣಕಾಸು ವರ್ಷ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಅದನ್ನೇ ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಅದು 2008ರ ಸೆಪ್ಟೆಂಬರ್ ಎಂದುಕೊಂಡುಬಿಡುತ್ತದೆ. ‘04/06/2011’ ನಮಗೆ ಜೂನ್ ನಾಲ್ಕು. ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ ಏಪ್ರಿಲ್ ಆರು. ಆದ್ದರಿಂದ ತಿಂಗಳನ್ನು ಅಕ್ಷರದಲ್ಲಿ ತೋರಿಸುವಂತೆ ಕಾಲಂ ಹೊಂದಿಸಿಕೊಂಡು, ಪ್ರತಿ ಸಾಲನ್ನೂ ಮೂಲದ ಜೊತೆ ಒಮ್ಮೆ ಕಣ್ಣಲ್ಲೇ ತಾಳೆ ನೋಡಬೇಕು.

ಇನ್ನು ಲೆಕ್ಕ. ಬೆರಳು ಮಡಚಿ ತಿಂಗಳು ಎಣಿಸಿದರೆ ಒಂದು ಹೆಚ್ಚೋ ಕಡಿಮೆಯೋ ಆಗೇ ಆಗುತ್ತದೆ. ಅದಕ್ಕೆ ಪ್ರತಿ ತಿಂಗಳಿಗೂ ಒಂದು ಕ್ರಮಸಂಖ್ಯೆ ಕೊಡುವುದು ಸುಲಭದ ದಾರಿ: ಇಸವಿಯನ್ನು 12ರಿಂದ ಗುಣಿಸಿ, ತಿಂಗಳ ಸಂಖ್ಯೆ ಕೂಡಿಸಿ. ಸೆಪ್ಟೆಂಬರ್ 2011 ಎಂದರೆ 24141, ಅಕ್ಟೋಬರ್ 2011 ಎಂದರೆ 24142. ಮುಂದಿನ ಕೆಲಸದ ಆರಂಭದಿಂದ ಹಿಂದಿನ ಕೆಲಸದ ಮುಕ್ತಾಯವನ್ನು ಕಳೆದು, ಅದರಿಂದ ಇನ್ನೊಂದನ್ನು ಕಳೆಯಿರಿ. ಆರಂಭ ‘ಬಿ’ ಕಾಲಂನಲ್ಲಿ, ಮುಕ್ತಾಯ ‘ಸಿ’ ಕಾಲಂನಲ್ಲಿದ್ದರೆ ಸೂತ್ರ ಹೀಗೆ:

```
=(YEAR(B3)*12+MONTH(B3))-(YEAR(C2)*12+MONTH(C2))-1
```

ಸೊನ್ನೆ ಬಂದರೆ ಒಂದು ತಿಂಗಳು ಮುಗಿದು ಮುಂದಿನ ತಿಂಗಳೇ ಕೆಲಸ ಶುರುವಾಗಿದೆ ಎಂದರ್ಥ. ನಾಲ್ಕು ಬಂದರೆ ನಾಲ್ಕು ಪೂರ್ತಿ ತಿಂಗಳು ಖಾಲಿ. ಮೈನಸ್ ಬಂದರೆ ಅಷ್ಟು ತಿಂಗಳು ಎರಡೂ ಕೆಲಸ ಒಂದರ ಮೇಲೊಂದು ಕೂತಿವೆ. ಮೈನಸ್ ಒಂದಕ್ಕೆ ಮಾತ್ರ ಕೂಡಲೇ ಗಾಬರಿ ಬೇಡ. ಹತ್ತನೇ ತಾರೀಕು ಒಂದು ಕಡೆ ಬಿಟ್ಟು ಇಪ್ಪತ್ತಕ್ಕೆ ಇನ್ನೊಂದು ಕಡೆ ಸೇರಿದವರಿಗೂ ಅದೇ ಉತ್ತರ ಬರುತ್ತದೆ, ಅಲ್ಲಿ ದಿನ ನೋಡಬೇಕು. ಸೂತ್ರಕ್ಕೆ ಇನ್ನೊಂದು ಮಿತಿ ಇದೆ. ಅದು ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ. ಮೂರು ಸಾಲು ಮೇಲಿರುವ ಕೆಲಸ ಮುಗಿಯದೆ ಕೆಳಗಿನವರೆಗೂ ಎಳೆದುಕೊಂಡು ಬಂದಿದ್ದರೆ ಇದಕ್ಕೆ ಗೊತ್ತಾಗುವುದಿಲ್ಲ, ಮುಕ್ತಾಯದ ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿ ಹಿಡಿಯಬೇಕು.

ನಮ್ಮ ರೆಸ್ಯೂಮೆಗೆ ಇದನ್ನು ಹಾಕಿದರೆ ಹೊಸೂರು ಮತ್ತು ಚೆನ್ನೈ ನಡುವೆ ಮೈನಸ್ ಎರಡು ಬರುತ್ತದೆ. ಚೆನ್ನೈ ಮತ್ತು ಬೆಂಗಳೂರಿನ ನಡುವೆ ನಾಲ್ಕು. ಕೊನೆಯ ಎರಡು ಸಾಲುಗಳಲ್ಲಿ ‘ಇಂದಿನವರೆಗೆ’ ಎಂಬಲ್ಲಿ ಜೂನ್ 2025 ಎಂದು ತುಂಬಿದರೆ ಮೈನಸ್ 66, ಅಂದರೆ ಐದೂವರೆ ವರ್ಷ ಇವರು ಎರಡು ಕಂಪನಿಗಳಲ್ಲಿ ಒಟ್ಟಿಗೆ ದುಡಿದಿದ್ದಾರೆ! ಪುಣೆಯ ಸಾಲಿನಲ್ಲಿ ತಿಂಗಳೇ ಇಲ್ಲದ್ದರಿಂದ ಅಲ್ಲಿ ಲೆಕ್ಕ ಮಾಡುವಂತಿಲ್ಲ.

ಅರವತ್ತಾರು ತಿಂಗಳ ಒಗಟು ಎಲ್ಲಕ್ಕಿಂತ ಸುಲಭದ್ದು. ಬೆಂಗಳೂರಿನ ಮೊದಲ ಕಂಪನಿಯಲ್ಲಿದ್ದಾಗ ಬರೆದ ‘ಇಂದಿನವರೆಗೆ’ ಹಾಗೇ ಉಳಿದುಕೊಂಡಿದೆ. ಹೊಸ ಕೆಲಸ ಸಿಕ್ಕಾಗ ಮೇಲೊಂದು ಸಾಲು ಸೇರಿಸಿದರು, ಕೆಳಗಿನದನ್ನು ಮುಟ್ಟಲಿಲ್ಲ. ದೀರ್ಘ ರೆಸ್ಯೂಮೆಗಳಲ್ಲಿ ನಾನು ಮೊದಲು ಹುಡುಕುವುದೇ ಈ ಪದವನ್ನು. ಅದು ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಅರ್ಧ ಕೆಲಸ ಅಲ್ಲೇ ಆಯಿತು. ಇದೇ ಎಡವಟ್ಟಿನಿಂದ ಹುಟ್ಟಿದ್ದು ‘35 ವರ್ಷ’ ಕೂಡ. ಯಾರೋ ಪ್ರತಿ ಸಾಲಿನ ಅವಧಿಯನ್ನೂ ಕೂಡಿಸಿದ್ದಾರೆ, ಐದೂವರೆ ವರ್ಷ ಎರಡೆರಡು ಸಲ ಎಣಿಕೆಯಾಗಿದೆ. 1995ರಲ್ಲಿ ಕೆಲಸಕ್ಕೆ ಸೇರಿದವರಿಗೆ 2025ರಲ್ಲಿ 35 ವರ್ಷ ಅನುಭವ ಹೇಗಾಗುತ್ತದೆ ಎಂದು ಯಾರೂ ಕೇಳಿಕೊಂಡಿಲ್ಲ.

ಉಳಿದ ಎರಡು ತಕರಾರುಗಳಿಗೆ ರೆಸ್ಯೂಮೆಯೊಳಗೆ ಉತ್ತರ ಇಲ್ಲ, ಫೈಲು ತೆಗೆಸಬೇಕು. ಇಲ್ಲಿ ಯಾವ ಕಾಗದ ಯಾವುದಕ್ಕೆ ಸಾಕ್ಷಿ ಎಂದು ಗೊತ್ತಿರಬೇಕು. ಆಫರ್ ಲೆಟರ್ ಮೇಲಿರುವುದು ಕೆಲಸ ಕೊಡುತ್ತೇವೆಂದು ಹೇಳಿದ ದಿನ, ಸೇರಿದ ದಿನವಲ್ಲ. ರಾಜೀನಾಮೆ ಪತ್ರದ ಮೇಲಿರುವುದು ಬಿಡುತ್ತೇನೆಂದು ಹೇಳಿದ ದಿನ, ಬಿಟ್ಟ ದಿನವಲ್ಲ. ಕೊನೆಯ ದಿನ ತಿಳಿಯುವುದು ರಿಲೀವಿಂಗ್ ಲೆಟರ್‌ನಿಂದ. ಸೇರಿದ್ದು, ಬಿಟ್ಟದ್ದು, ಬಿಡುವಾಗ ಇದ್ದ ಹುದ್ದೆ ಮೂರೂ ಒಟ್ಟಿಗೆ ಸಿಗುವುದು ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ. ಹಿರಿಯ ಹುದ್ದೆಗಳಿಗೆ ನೋಟಿಸ್ ಅವಧಿ ಸಾಮಾನ್ಯವಾಗಿ 90 ದಿನ. ಎರಡು ಥರದ ಕಾಗದಗಳ ನಡುವೆ ಮೂರು ತಿಂಗಳ ಅಂತರ ಬೀಳುವುದು ಅದರಿಂದಲೇ.

ನಮ್ಮ ಅಧಿಕಾರಿ ಹೊಸೂರಿನಲ್ಲಿ ರಾಜೀನಾಮೆ ಕೊಟ್ಟದ್ದು 2011ರ ಜೂನ್ 30ಕ್ಕೆ. 90 ದಿನ ಮುಗಿದದ್ದು ಸೆಪ್ಟೆಂಬರ್ 28ಕ್ಕೆ. ಚೆನ್ನೈಯವರ ಆಫರ್ ಲೆಟರ್ ಆಗಸ್ಟ್‌ನಲ್ಲಿ ಬಂದಿತ್ತು, ಸೇರಿದ್ದು ಅಕ್ಟೋಬರ್ 3ಕ್ಕೆ. ಅವರು ನೆನಪಿನಿಂದ ಆಗಸ್ಟ್ ಎಂದು ಬರೆದರು. ಅದನ್ನು ಅಕ್ಟೋಬರ್ ಎಂದು ಮಾಡಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಚೆನ್ನೈ ಬಿಡುವಾಗ ಆದದ್ದು ಇದರ ತಿರುಗುಮುರುಗು. ಅಲ್ಲಿ ರಾಜೀನಾಮೆ ಕೊಟ್ಟ ತಿಂಗಳನ್ನೇ, ಅಕ್ಟೋಬರ್ 2016 ಎಂದು, ಮುಕ್ತಾಯವಾಗಿ ಬರೆದುಬಿಟ್ಟರು. ರಿಲೀವಿಂಗ್ ಲೆಟರ್ ನೋಡಿದರೆ ಕೊನೆಯ ದಿನ 2017ರ ಜನವರಿ ಕೊನೆಗೆ ಇದೆ. ಹಾಗಾಗಿ ನಾಲ್ಕು ತಿಂಗಳ ಖಾಲಿ ಜಾಗ ಫೆಬ್ರುವರಿಯೊಂದಕ್ಕೆ ಇಳಿಯಿತು. ಒಂದು ಕಡೆ ಇಲ್ಲದ ಕೆಲಸ ಸೇರಿತ್ತು, ಇನ್ನೊಂದು ಕಡೆ ಇದ್ದ ಕೆಲಸ ಬಿಟ್ಟುಹೋಗಿತ್ತು. ಎರಡಕ್ಕೂ ಕಾರಣ ಅದೇ ನೋಟಿಸ್ ಅವಧಿ.

ನಿಜವಾದ ಬಿಡುವು ಇದ್ದದ್ದು ಬೇರೆ ಕಡೆ, ಯಾರಿಗೂ ಅನುಮಾನ ಬಾರದ ‘2001–2004’ ಎಂಬ ಸಾಲಿನಲ್ಲಿ. ಬರೀ ಇಸವಿ ಬರೆಯುವ ಪದ್ಧತಿಯ ಗುಣವೇ ಅದು. ಒಂದು ಕೆಲಸ 2001ರಲ್ಲಿ ಮುಗಿಯಿತು, ಇನ್ನೊಂದು 2001ರಲ್ಲೇ ಶುರುವಾಯಿತು ಎಂದಾಗ ಓದುವವರಿಗೆ ಎರಡೂ ಅಂಟಿಕೊಂಡಂತೆ ಕಾಣುತ್ತದೆ. ಜನವರಿಯಲ್ಲಿ ಬಿಟ್ಟು ಡಿಸೆಂಬರ್‌ನಲ್ಲಿ ಸೇರಿದ್ದರೆ ಅದರೊಳಗೆ ಹತ್ತು ಪೂರ್ತಿ ತಿಂಗಳು ಅಡಗಬಹುದು. ಮುಂದಿನದು 2002ರಲ್ಲಿ ಶುರು ಎಂದಿದ್ದರೆ 22 ತಿಂಗಳವರೆಗೂ ಅಡಗಬಹುದು. ನಮ್ಮ ಅಧಿಕಾರಿ ಪೀಣ್ಯದ ಕೆಲಸ ಬಿಟ್ಟದ್ದು ಮಾರ್ಚ್‌ನಲ್ಲಿ, ಪುಣೆಗೆ ಸೇರಿದ್ದು ನವೆಂಬರ್‌ನಲ್ಲಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳು ಊರಿನಲ್ಲಿದ್ದು ತಂದೆಯ ಶಸ್ತ್ರಚಿಕಿತ್ಸೆ, ಆರೈಕೆ ನೋಡಿಕೊಂಡರು. ಪುಣೆಯ ಕೆಲಸ ಮುಗಿದದ್ದು ಮೇ 2004ರಲ್ಲಿ, ಹೊಸೂರಿಗೆ ಸೇರಿದ್ದು ಜೂನ್‌ನಲ್ಲಿ, ಅಲ್ಲೇನೂ ತೊಂದರೆ ಇಲ್ಲ.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಏಳು ತಿಂಗಳನ್ನು ಈಗ ಯಾರು ಕೇಳುತ್ತಾರೆ? ಬಹುಶಃ ಯಾರೂ ಕೇಳುವುದಿಲ್ಲ. ಆದರೂ ನನ್ನ ಪ್ರಕಾರ ತಿಂಗಳು ಬರೆಯುವುದೇ ಸರಿ. ಒಂದು ಸಾಲಿನಲ್ಲಿ ಮಾತ್ರ ತಿಂಗಳು ಕಾಣೆಯಾಗಿದ್ದರೆ ಪರಿಶೀಲಿಸುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಎಲ್ಲ ಸಾಲಿನಲ್ಲೂ ತಿಂಗಳಿರಬೇಕು. ಮೊದಲ ಹತ್ತು ಹದಿನೈದು ವರ್ಷದ ಕೆಲಸಗಳನ್ನು ‘ಆರಂಭದ ವೃತ್ತಿ’ ಎಂದು ಬೇರೆ ಗುಂಪು ಮಾಡಿ ಅಲ್ಲಿ ಇಸವಿ ಮಾತ್ರ ಕೊಡುವ ಕ್ರಮವೂ ಉಂಟು, ಆ ಗುಂಪಿನುದ್ದಕ್ಕೂ ಒಂದೇ ಪದ್ಧತಿ ಇದ್ದರೆ ಅದಕ್ಕೂ ತಕರಾರಿಲ್ಲ. ಬಿಡುವನ್ನು ಮುಚ್ಚಲು ಅಕ್ಕಪಕ್ಕದ ದಿನಾಂಕವನ್ನು ಎಳೆದು ಹಿಗ್ಗಿಸುವುದು ಮಾತ್ರ ಸಲ್ಲದು. ಇತ್ತೀಚಿನ ದೊಡ್ಡ ಬಿಡುವಾದರೆ ‘ಕುಟುಂಬದ ಕಾರಣಕ್ಕೆ ಬಿಡುವು’ ಎಂದು ತಿಂಗಳ ಸಮೇತ ಒಂದು ಸಾಲು ಬರೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕಾಯಿಲೆಯ ವಿವರ ಯಾರಿಗೂ ಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಒಟ್ಟು ಅನುಭವದ ಲೆಕ್ಕ ಕೈಗೆ ಬರುತ್ತದೆ. ಜುಲೈ 1995ರಿಂದ ಜೂನ್ 2025ರವರೆಗೆ 360 ತಿಂಗಳು. 2001ರ ಏಳು, 2017ರ ಒಂದು ಕಳೆದರೆ 352. ಅಂದರೆ 29 ವರ್ಷ ನಾಲ್ಕು ತಿಂಗಳು. ಮೊದಲ ಪುಟದಲ್ಲಿ ‘29 ವರ್ಷ’ ಎಂದು ಬರೆದರೆ ಸಾಕು. ಕೊನೆಯ ಪುಟದಲ್ಲಿ ‘ಮೂರು ದಶಕಗಳಿಗೂ ಮಿಗಿಲಾದ’ ಎಂಬ ಮಾತಿದ್ದರೆ ಅದನ್ನೂ ತೆಗೆಯಬೇಕು.

ಹುದ್ದೆಯ ಹೆಸರಿನದು ಇದಕ್ಕಿಂತ ಸೂಕ್ಷ್ಮ. ಚೆನ್ನೈ ಕಂಪನಿಯಲ್ಲಿ ಇವರು ಏನಾಗಿದ್ದರು ಎಂಬುದಕ್ಕೆ ರೆಸ್ಯೂಮೆಯಲ್ಲೇ ಮೂರು ಉತ್ತರ ಇವೆ. ಮೊದಲ ಪುಟದ ಸಾರಾಂಶದಲ್ಲಿ ‘ವೈಸ್ ಪ್ರೆಸಿಡೆಂಟ್’, ಒಳಗೆ ‘ಎವಿಪಿ’, ಸಾಧನೆಗಳ ಪಟ್ಟಿಯಲ್ಲಿ ‘ಆಪರೇಷನ್ಸ್ ಹೆಡ್’. ಎವಿಪಿ ಎಂದರೆ ಒಂದು ಕಂಪನಿಯಲ್ಲಿ ಅಸಿಸ್ಟೆಂಟ್ ವೈಸ್ ಪ್ರೆಸಿಡೆಂಟ್, ಇನ್ನೊಂದರಲ್ಲಿ ಅಸೋಸಿಯೇಟ್ ವೈಸ್ ಪ್ರೆಸಿಡೆಂಟ್. ಎರಡೂ ಹುದ್ದೆ ಇರುವ ಕಂಪನಿಗಳೂ ಇವೆ. ಅದಕ್ಕೇ ಹುದ್ದೆಯ ಹೆಸರನ್ನು ಮೊಟಕು ಮಾಡದೆ ಪೂರ್ತಿ ಬರೆಯುವುದು ಒಳ್ಳೆಯದು. ಈ ಸಲ ಕೇಳಿದಾಗ ಗೊತ್ತಾದದ್ದು ಮೂರೂ ಸುಳ್ಳಲ್ಲ ಎಂದು. ಸೇರುವಾಗ ಅಸೋಸಿಯೇಟ್ ವೈಸ್ ಪ್ರೆಸಿಡೆಂಟ್, ಏಪ್ರಿಲ್ 2014ರಲ್ಲಿ ಬಡ್ತಿ ಸಿಕ್ಕಿ ವೈಸ್ ಪ್ರೆಸಿಡೆಂಟ್, ಮಾಡುತ್ತಿದ್ದ ಕೆಲಸ ಕಾರ್ಖಾನೆಗಳ ಉಸ್ತುವಾರಿ. ಹಾಗಾದರೆ ಆ ಕಂಪನಿಯ ಕೆಳಗೆ ಎರಡು ಸಾಲು ಬೇಕು: ಅಕ್ಟೋಬರ್ 2011ರಿಂದ ಮಾರ್ಚ್ 2014, ಆಮೇಲೆ ಏಪ್ರಿಲ್ 2014ರಿಂದ ಜನವರಿ 2017. ‘ಆಪರೇಷನ್ಸ್ ಹೆಡ್’ ಎಂಬುದು ಹುದ್ದೆಯ ಜಾಗದಿಂದ ಇಳಿದು ಜವಾಬ್ದಾರಿಯ ವಿವರಣೆಗೆ ಹೋಗಬೇಕು. ಈ ಒಳಸಾಲುಗಳಿಗೂ ಅದೇ ಸೂತ್ರ ಹಾಕಿ, ಮೊದಲನೆಯದರ ಆರಂಭ ಮತ್ತು ಕೊನೆಯದರ ಮುಕ್ತಾಯ ಕಂಪನಿಯ ಒಟ್ಟು ಅವಧಿಗೆ ಸರಿಹೊಂದುತ್ತದೆಯೇ ನೋಡಬೇಕು. ಬಡ್ತಿಯ ತಿಂಗಳು ತಪ್ಪುವುದು ಬಹಳ ಸಾಮಾನ್ಯ, ಯಾಕೆಂದರೆ ಬಡ್ತಿ ಪತ್ರ ಜುಲೈನಲ್ಲಿ ಬಂದು ಏಪ್ರಿಲ್‌ನಿಂದಲೇ ಅನ್ವಯವಾಗುತ್ತದೆ.

‘ಡೈರೆಕ್ಟರ್’ ಎಂಬ ಹುದ್ದೆಯಿದ್ದರೆ ಇನ್ನೂ ಎಚ್ಚರ ಬೇಕು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಡೈರೆಕ್ಟರ್ ಎಂಬುದು ಒಂದು ದರ್ಜೆ ಅಷ್ಟೆ. ಕಂಪನಿ ಕಾಯ್ದೆಯ ಪ್ರಕಾರ ಡೈರೆಕ್ಟರ್ ಎಂದರೆ ಆಡಳಿತ ಮಂಡಳಿಯ ಸದಸ್ಯ, ಅವರಿಗೆ ಡಿಐಎನ್ ಎಂಬ ಸಂಖ್ಯೆ ಇರುತ್ತದೆ, ನೇಮಕವಾದ ಅಥವಾ ಬಿಟ್ಟ 30 ದಿನದೊಳಗೆ ಕಂಪನಿ ಡಿಐಆರ್-12 ಎಂಬ ಅರ್ಜಿಯಲ್ಲಿ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ಆ ದಾಖಲೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಗುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ ಸಿಇಒ, ಸಿಎಫ್‌ಒಗಳ ನೇಮಕವನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಿರುತ್ತಾರೆ. ‘ಸಿಎಫ್‌ಒ, ಏಪ್ರಿಲ್‌ನಿಂದ’ ಎಂದು ರೆಸ್ಯೂಮೆ ಹೇಳಿ ಕಂಪನಿಯ ಪ್ರಕಟಣೆ ಆಗಸ್ಟ್ ಎಂದರೆ, ಅದನ್ನು ಪತ್ತೆ ಮಾಡಲು ಯಾರಿಗೂ ಫೋನ್ ಕೂಡ ಮಾಡಬೇಕಾಗಿಲ್ಲ. ಹಿರಿಯ ಹುದ್ದೆಯ ವಿವರ ಹೀಗೆ ಸಾರ್ವಜನಿಕ ದಾಖಲೆಯಾದಾಗ ಏನಾಗಬಹುದು ಎಂಬುದಕ್ಕೆ ಯಾಹೂ ಕಂಪನಿಯ ಸಿಇಒ ಸ್ಕಾಟ್ ಥಾಂಪ್ಸನ್ ಉದಾಹರಣೆ. 2012ರ ಜನವರಿಯಲ್ಲಿ ಬಂದವರು ಮೇ ತಿಂಗಳಲ್ಲಿ ಹೊರನಡೆದರು. ಅವರ ಪರಿಚಯದಲ್ಲಿ ಅಕೌಂಟಿಂಗ್ ಜೊತೆ ಕಂಪ್ಯೂಟರ್ ಸೈನ್ಸ್ ಪದವಿಯೂ ಇದೆ ಎಂದಿತ್ತು, ಇದ್ದದ್ದು ಅಕೌಂಟಿಂಗ್ ಮಾತ್ರ. ಅದನ್ನು ಬಯಲಿಗೆಳೆದದ್ದು ಕಂಪನಿಯ ಒಬ್ಬ ಷೇರುದಾರ ಸಂಸ್ಥೆ.

ಎಲ್ಲ ಅತಿಕ್ರಮಣವೂ ತಪ್ಪಲ್ಲ ಎಂಬುದನ್ನೂ ಹೇಳಿಬಿಡಬೇಕು. ಒಂದು ಕಂಪನಿಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತ ಇನ್ನೊಂದರ ಸ್ವತಂತ್ರ ನಿರ್ದೇಶಕರಾಗಿರಬಹುದು. ಸಾರ್ವಜನಿಕ ವಲಯದಲ್ಲಿ ಒಬ್ಬರೇ ಎರಡು ಹುದ್ದೆಯ ಹೆಚ್ಚುವರಿ ಪ್ರಭಾರ ಹೊತ್ತಿರುವುದು ಹೊಸದೇನಲ್ಲ. ಅಂಥದ್ದನ್ನು ಉದ್ಯೋಗದ ಸಾಲುಗಳ ನಡುವೆ ತುರುಕದೆ ‘ಆಡಳಿತ ಮಂಡಳಿ’, ‘ಹೆಚ್ಚುವರಿ ಪ್ರಭಾರ’ ಎಂದು ಬೇರೆ ಶೀರ್ಷಿಕೆ ಕೊಟ್ಟರೆ ಗೊಂದಲ ಇರದು. ಬ್ಯಾಂಕಿನವರದು ಇನ್ನೊಂದು ಕಥೆ. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ಕ್ಕೆ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದದ್ದು ಅದಕ್ಕೂ ಒಂದು ವರ್ಷ ಮೊದಲು ಅದೇ ದಿನ. ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿಗೆ 2012ರಲ್ಲಿ ಸೇರಿದವರು ‘ಕೆನರಾ ಬ್ಯಾಂಕ್, 2012ರಿಂದ’ ಎಂದು ಬರೆದರೆ ಆ ಇಸವಿಗೂ ಆ ಹೆಸರಿಗೂ ತಾಳೆಯಿಲ್ಲ. ಎರಡು ಬೇರೆ ಕೆಲಸ ಎಂದು ಬರೆದರೆ ಬಿಡದ ಕೆಲಸ ಬಿಟ್ಟಂತಾಗುತ್ತದೆ. ‘ಕೆನರಾ ಬ್ಯಾಂಕ್, ಮಾರ್ಚ್ 2020ರವರೆಗೆ ಸಿಂಡಿಕೇಟ್ ಬ್ಯಾಂಕ್’ ಎಂದು ಒಂದೇ ಶೀರ್ಷಿಕೆಯಲ್ಲಿ ಬರೆದರೆ ಎರಡೂ ಬಗೆಹರಿಯುತ್ತವೆ.

ಪರಿಶೀಲನೆಯವರು ಈಗ ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಕೇಳುವುದು ಮಾಮೂಲು. ಅದರ ಸರ್ವಿಸ್ ಹಿಸ್ಟರಿಯಲ್ಲಿ ಪ್ರತಿ ಕಂಪನಿಗೆ ಸೇರಿದ ಮತ್ತು ಬಿಟ್ಟ ದಿನಾಂಕ ಇರುತ್ತದೆ. ಆದರೆ ಯುಎಎನ್ ಬಂದದ್ದೇ 2014ರ ಅಕ್ಟೋಬರ್‌ನಲ್ಲಿ, ಅದಕ್ಕೂ ಹಿಂದಿನ ಕೆಲಸಗಳ ಹಳೇ ಖಾತೆ ಅದಕ್ಕೆ ಜೋಡಣೆಯಾಗಿರದೆ ಇರಬಹುದು. ಬಿಟ್ಟ ದಿನಾಂಕವನ್ನು ಹಳೇ ಕಂಪನಿ ತಪ್ಪಾಗಿ ನಮೂದಿಸಿದ ಅಥವಾ ನಮೂದಿಸದೇ ಬಿಟ್ಟ ಪ್ರಸಂಗಗಳೂ ಬೇಕಾದಷ್ಟಿವೆ. ಆಗ ರೆಸ್ಯೂಮೆ ಸರಿಯಿದ್ದರೂ ಸರ್ಕಾರಿ ದಾಖಲೆಯಲ್ಲೇ ಎರಡು ಕೆಲಸ ಒಂದರ ಮೇಲೊಂದು ಕಾಣುತ್ತವೆ. ರಿಲೀವಿಂಗ್ ಲೆಟರ್ ಹಿಡಿದು, ಕಂಪನಿಯ ಜೊತೆ ಜಂಟಿ ಘೋಷಣೆ ಸಲ್ಲಿಸಿ ಅದನ್ನು ತಿದ್ದಿಸಿಕೊಳ್ಳಬಹುದು. ತಿದ್ದಿಸಬೇಕಾದದ್ದು ಅಲ್ಲಿ, ರೆಸ್ಯೂಮೆಯನ್ನು ಆ ತಪ್ಪಿಗೆ ಹೊಂದಿಸುವುದಲ್ಲ.

ಇಷ್ಟರಲ್ಲಿ ತಿದ್ದುವವರ ಕೈ ಎಲ್ಲಿಗೆ ನಿಲ್ಲಬೇಕು? ‘ಇಂದಿನವರೆಗೆ’ ಎಂಬುದು ಎರಡು ಕಡೆ ಇದ್ದರೂ, ಕೆಳಗಿನದನ್ನು ‘ಡಿಸೆಂಬರ್ 2019’ ಎಂದು ನಾವಾಗಿ ಬದಲಿಸುವ ಹಾಗಿಲ್ಲ. ಊಹೆ ನಿಜವಿದ್ದರೂ ಅದು ನಮ್ಮ ಊಹೆ. ಅಂಚಿನಲ್ಲಿ ಪ್ರಶ್ನೆ ಬರೆಯಬೇಕು, ಅದನ್ನೂ ಆರೋಪದಂತೆ ಕೇಳಿಸದ ಹಾಗೆ. ‘ಸರ್, ಪುಟ 2ರಲ್ಲಿ ಹೊಸೂರು ಸೆಪ್ಟೆಂಬರ್ 2011ಕ್ಕೆ ಮುಗಿದಿದೆ, ಚೆನ್ನೈ ಆಗಸ್ಟ್‌ಗೆ ಶುರುವಾಗಿದೆ. ರಿಲೀವಿಂಗ್ ಲೆಟರ್ ಮತ್ತು ಸೇರಿದ ದಿನದ ಪತ್ರ ಒಮ್ಮೆ ನೋಡಿ ತಿಳಿಸುತ್ತೀರಾ?’ ಎಂದರೆ ಅವರು ಕಪಾಟು ತೆಗೆಯುತ್ತಾರೆ. ‘ದಿನಾಂಕ ತಪ್ಪಿದೆ’ ಎಂದಷ್ಟೇ ಬರೆದರೆ ‘ಯಾವುದಪ್ಪಾ ತಪ್ಪು, ಎಲ್ಲ ಸರಿಯಾಗೇ ಇದೆ’ ಎಂಬ ಉತ್ತರ ಬರುತ್ತದೆ. ಉತ್ತರ ಬಾರದ ಪ್ರಶ್ನೆಯನ್ನು ಹಾಗೇ ತೆರೆದಿಟ್ಟು, ಅಂತಿಮ ಪ್ರತಿ ಕೊಡುವಾಗ ಅದರ ಪಟ್ಟಿಯನ್ನೂ ಜೊತೆಗೆ ಕೊಡಬೇಕು.

ರೆಸ್ಯೂಮೆ ಸರಿಯಾದ ದಿನವೇ ಲಿಂಕ್ಡ್‌ಇನ್ ಪುಟವನ್ನೂ ಅದೇ ತಿಂಗಳು, ಅದೇ ಹುದ್ದೆಗಳಿಗೆ ತಿದ್ದಿಬಿಡಿ. ಹಳೇ ಪ್ರತಿ ಹೋಗಿರುವ ನೇಮಕಾತಿ ಏಜೆನ್ಸಿಗಳಿಗೆ ಹೊಸದನ್ನು ಕಳುಹಿಸಿ, ಹಳೆಯದನ್ನು ತೆಗೆದುಹಾಕಲು ಹೇಳಿ. ಪರಿಶೀಲಿಸುವವರು ಮೊದಲು ಅಕ್ಕಪಕ್ಕ ಇಟ್ಟು ನೋಡುವುದು ಇವೆರಡನ್ನೇ.